ತರಗತಿ ಆಗಸ್ಟ್ 4ಕ್ಕೆ, ನೋಟಿಸ್ ಆಗಸ್ಟ್ 9ರವರೆಗೆ: ರಾಜೀನಾಮೆ ಪತ್ರ ಹೇಗಿರಬೇಕು?

ಪ್ರಶ್ನೆ: ನಾನು ಎರಡೂವರೆ ವರ್ಷದಿಂದ ಒಂದು ಹೋಟೆಲಿನಲ್ಲಿ ಫ್ರಂಟ್ ಆಫೀಸ್ ಎಕ್ಸಿಕ್ಯೂಟಿವ್. ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಗೆ ಸೀಟು ಸಿಕ್ಕಿದೆ, ಶುಲ್ಕ ಕಟ್ಟಿಯಾಗಿದೆ. ತರಗತಿ ಆಗಸ್ಟ್ 4ಕ್ಕೆ ಶುರು. ಜುಲೈ 10ಕ್ಕೆ ರಾಜೀನಾಮೆ ಕೊಡಬೇಕೆಂದಿದ್ದೇನೆ. ನೋಟಿಸ್ 30 ದಿನ, ಗಳಿಕೆ ರಜೆ 11 ದಿನ ಉಳಿದಿದೆ. ಓದಲು ಹೋಗುವವರಿಗೆ ನೋಟಿಸ್ ಅನ್ವಯಿಸುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ. ಕಾರಣವನ್ನೇ ಬರೆಯಬೇಡ ಎಂದು ಇನ್ನೊಬ್ಬರು. ಮ್ಯಾನೇಜರ್ ಪತ್ರ ಒಪ್ಪದಿದ್ದರೆ ಏನು ಮಾಡಲಿ? ಮುಂದೆ ಇದೇ ಹೋಟೆಲಿಗೆ ತರಬೇತಿಗೆ ಬರುವ ಆಸೆಯೂ ಇದೆ.

ಉತ್ತರ: ಪತ್ರಕ್ಕೆ ಕೈ ಹಾಕುವ ಮೊದಲು ನೇಮಕಾತಿ ಪತ್ರ ಹೊರತೆಗೆದು ನೋಟಿಸಿನ ಷರತ್ತನ್ನು ಒಂದೊಂದು ಪದವಾಗಿ ಓದಿ. ಓದಿಗಾಗಿ ಕೆಲಸ ಬಿಡುವವರಿಗೆ ನೋಟಿಸ್ ಮಾಫಿ ಎಂದು ಅಲ್ಲಿ ಬರೆದಿದ್ದರೆ ಮಾತ್ರ ಮಾಫಿ. ಅಂಥ ಷರತ್ತು ಕಾಣಸಿಗುವುದು ಬಹಳ ಕಡಿಮೆ. ಕಾರಣ ಮದುವೆಯಾಗಲಿ, ಬೇರೆ ಕೆಲಸವಾಗಲಿ, ಓದಾಗಲಿ, ನೋಟಿಸಿನ ಲೆಕ್ಕ ಒಂದೇ. ಆದರೆ ಆ ಲೆಕ್ಕದಲ್ಲಿ ಕೊಂಚ ರಿಯಾಯಿತಿ ಕೇಳುವಾಗ ಓದು ಒಳ್ಳೆಯ ಕಾರಣ. ಬೇರೆ ಹೋಟೆಲಿಗೆ ಹೋಗುವವರ ಸೇರುವ ದಿನವನ್ನು ವಾರ ಮುಂದೂಡಬಹುದು, ಕಾಲೇಜಿನ ತರಗತಿಯನ್ನು ಮುಂದೂಡಲಾಗದು ಎಂಬುದು ಮ್ಯಾನೇಜರಿಗೂ ಗೊತ್ತು. ಹಾಗಾಗಿ ಕಾರಣ ಬರೆಯಿರಿ, ಒಂದೇ ವಾಕ್ಯದಲ್ಲಿ ಬರೆಯಿರಿ.

ಕಾರಣ ಬರೆಯಬೇಡಿ ಎಂಬ ಸಲಹೆ ಬೇರೆಯವರಿಗೆ ಸರಿಯಾಗಬಹುದು, ನಿಮಗಲ್ಲ. ಕಾರಣವಿಲ್ಲದ ಪತ್ರ ನೋಡಿದ ಎಚ್‌ಆರ್‌ನವರು ಮೊದಲು ಊಹಿಸುವುದು ನೀವು ಪಕ್ಕದ ಹೋಟೆಲಿಗೆ ಹೋಗುತ್ತಿದ್ದೀರಿ ಎಂದೇ. ಸಂಬಳ ಏರಿಸುವ ಮಾತು, ಇನ್ನೆರಡು ತಿಂಗಳು ನಿಲ್ಲುವಂತೆ ಒತ್ತಾಯ ಎಲ್ಲ ಅಲ್ಲಿಂದಲೇ ಹೊರಡುತ್ತವೆ. ಮುಂದೆ ಅಲ್ಲಿಗೇ ತರಬೇತಿಗೆ ಬರುವ ಮನಸ್ಸಿದ್ದರೆ, ಓದಲು ಹೋದವರು ಎಂಬ ದಾಖಲೆ ನಿಮ್ಮ ಫೈಲಿನಲ್ಲಿ ಇರುವುದು ನಿಮಗೇ ಲಾಭ.

ಇನ್ನು ದಿನಗಳ ಲೆಕ್ಕ. ಜುಲೈ 10ರಂದು ಪತ್ರ ಅವರ ಕೈಗೆ ಸೇರಿದರೆ ಸಾಮಾನ್ಯವಾಗಿ ಮರುದಿನವೇ ಮೊದಲ ದಿನ. ಜುಲೈ 11ರಿಂದ 31ರವರೆಗೆ 21 ದಿನ, ಆಗಸ್ಟಿನಲ್ಲಿ 9 ದಿನ, ಒಟ್ಟು 30. ಅಂದರೆ ನೋಟಿಸ್ ಆಗಸ್ಟ್ 9ಕ್ಕೆ ಮುಗಿಯುತ್ತದೆ. ನೇಮಕಾತಿ ಪತ್ರದಲ್ಲಿ ‘30 ದಿನ’ದ ಬದಲು ‘ಒಂದು ತಿಂಗಳು’ ಎಂದಿದ್ದರೆ, ಜುಲೈಗೆ 31 ದಿನ ಇರುವುದರಿಂದ ಅದು ಆಗಸ್ಟ್ 10 ಆಗುತ್ತದೆ. ವಾರದ ರಜೆಗಳನ್ನು ಈ ಲೆಕ್ಕದಿಂದ ಕಳೆಯುವುದಿಲ್ಲ, ಅವೂ ನೋಟಿಸಿನ ಒಳಗೇ ಬರುತ್ತವೆ. ಆದರೆ ನೋಟಿಸಿನ ಅವಧಿಯಲ್ಲಿ ನೀವಾಗಿ ರಜೆ ಹಾಕಿದರೆ ಅಷ್ಟು ದಿನ ನೋಟಿಸ್ ಮುಂದಕ್ಕೆ ಹೋಗುತ್ತದೆ ಎಂಬ ಷರತ್ತು ಕೆಲವು ಕಡೆ ಇರುತ್ತದೆ. ಅದನ್ನೂ ಈಗಲೇ ನೋಡಿಕೊಳ್ಳಿ.

ತರಗತಿ 4ಕ್ಕೆ. ಅದಕ್ಕೆ ಮೊದಲು ಎರಡು ದಿನವಾದರೂ ಕೈಯಲ್ಲಿರಲಿ, ಆಗಸ್ಟ್ 1 ಕೊನೆಯ ದಿನವಾಗಲಿ. ಆಗ ಕೊರತೆ ಬೀಳುವುದು ಆಗಸ್ಟ್ 2ರಿಂದ 9ರವರೆಗಿನ 8 ದಿನ. ನಿಮ್ಮ ಬಳಿ 11 ದಿನ ಗಳಿಕೆ ರಜೆ ಇದೆ. ಕಾಗದದ ಮೇಲೆ ಸಮಸ್ಯೆ ಮುಗಿದಂತೆ ಕಾಣುತ್ತದೆ. ತೊಡಕು ಇರುವುದು ಇಲ್ಲೇ.

ರಜೆಯನ್ನು ನೋಟಿಸಿಗೆ ಹೊಂದಿಸಲು ಎರಡು ದಾರಿಗಳಿವೆ. ಮೇಲ್ನೋಟಕ್ಕೆ ಎರಡೂ ಒಂದೇ ಅನ್ನಿಸುತ್ತವೆ. ಮೊದಲನೆಯದರಲ್ಲಿ ಆಗಸ್ಟ್ 1ಕ್ಕೇ ನಿಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಿ, ಕೊರತೆಯ 8 ದಿನಕ್ಕೆ ಬದಲಾಗಿ ನಿಮ್ಮ ರಜೆಯ ಖಾತೆಯಿಂದ 8 ದಿನ ಕಳೆಯುತ್ತಾರೆ. ರಿಲೀವಿಂಗ್ ಲೆಟರಿನಲ್ಲಿ ಆಗಸ್ಟ್ 1 ಎಂದೇ ಇರುತ್ತದೆ. ಎರಡನೆಯದರಲ್ಲಿ ಆಗಸ್ಟ್ 2ರಿಂದ 9ರವರೆಗೆ ನೀವು ರಜೆಯ ಮೇಲಿದ್ದೀರಿ ಎಂದು ಬರೆದುಕೊಳ್ಳುತ್ತಾರೆ. ಅಷ್ಟೂ ದಿನ ನೀವು ಹೋಟೆಲಿನ ನೌಕರರೇ, ಬಿಡುಗಡೆಯ ದಿನಾಂಕ ಆಗಸ್ಟ್ 9. ಪೂರ್ಣಾವಧಿ ಕೋರ್ಸಿಗೆ ಸೇರಿದ ದಿನ ನೀವು ಇನ್ನೂ ಬೇರೊಂದು ಕಡೆ ನೌಕರಿಯಲ್ಲಿದ್ದೀರಿ ಎಂದು ದಾಖಲೆ ಹೇಳುತ್ತದೆ. ಕಾಲೇಜು ಪ್ರವೇಶದ ಹೊತ್ತಿಗೆ ರಿಲೀವಿಂಗ್ ಲೆಟರ್ ಕೇಳಿದರೆ ಆಗ ಅದು ನಿಮ್ಮ ಕೈಯಲ್ಲೂ ಇರುವುದಿಲ್ಲ. ಆದ್ದರಿಂದ ‘ರಜೆ ಕೊಡಿ’ ಎಂದು ಕೇಳಬೇಡಿ, ‘ನೋಟಿಸಿನ ಕೊರತೆಗೆ ರಜೆ ಹೊಂದಿಸಿ, ಆಗಸ್ಟ್ 1ಕ್ಕೆ ಬಿಡುಗಡೆ ಮಾಡಿ’ ಎಂದು ಕೇಳಿ. ಈ ಒಂದು ವಾಕ್ಯ ತಪ್ಪಿದರೆ ಉಳಿದ ಪತ್ರ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಹೀಗೆ ಹೊಂದಿಸುವುದಕ್ಕೆ ನೋಡುವುದು ಬಹುತೇಕ ಗಳಿಕೆ ರಜೆಯನ್ನಷ್ಟೇ. ಅನಾರೋಗ್ಯದ ರಜೆ, ಸಾಂದರ್ಭಿಕ ರಜೆ ಲೆಕ್ಕಕ್ಕೆ ಬರುವುದಿಲ್ಲ. ಹಬ್ಬದ ದಿನ ದುಡಿದದ್ದಕ್ಕೆ ಬಾಕಿಯಿರುವ ಕಾಂಪ್ ಆಫ್‌ಗಳಿದ್ದರೆ ಅವನ್ನು ಕೊನೆಯ ಲೆಕ್ಕಕ್ಕೆಂದು ನಂಬಿ ಇಟ್ಟುಕೊಳ್ಳಬೇಡಿ. ಹಣವಾಗಿ ಸಿಗದೆ ಹಾಗೇ ಹೋಗುವ ಸಂಭವ ಹೆಚ್ಚು. ರೋಸ್ಟರಿನಲ್ಲಿ ಜಾಗವಿದ್ದಾಗ ಕೇಳಿ ತೆಗೆದುಕೊಂಡುಬಿಡಿ.

ಮ್ಯಾನೇಜರ್ ಏಕೆ ತಕರಾರು ಮಾಡುತ್ತಾರೆ ಎಂಬುದನ್ನೂ ಯೋಚಿಸಿ. ಅಕೌಂಟ್ಸ್‌ನಲ್ಲಿ ಒಬ್ಬರು ಬಿಟ್ಟರೆ ಕೆಲಸ ನಾಲ್ಕು ದಿನ ತಡವಾಗುತ್ತದೆ, ಅಷ್ಟೇ. ಫ್ರಂಟ್ ಡೆಸ್ಕಿನಲ್ಲಿ ಹಾಗಲ್ಲ, ಇಪ್ಪತ್ನಾಲ್ಕು ಗಂಟೆಯೂ ಅಲ್ಲಿ ಯಾರಾದರೂ ನಿಂತಿರಲೇಬೇಕು. ಮೂರು ಶಿಫ್ಟ್‌ಗೆ ಐವರು ಇರುವ ಕಡೆ ಒಬ್ಬರು ಹೊರಟರೆ ಉಳಿದ ನಾಲ್ವರ ವಾರದ ರಜೆಗೆ ಕತ್ತರಿ ಬೀಳುತ್ತದೆ, ಇಲ್ಲವೇ ಯಾರೋ ಡಬಲ್ ಶಿಫ್ಟ್ ಮಾಡುತ್ತಾರೆ. ನೀವು 8 ದಿನ ಎಂದಾಗ ಅವರ ತಲೆಯಲ್ಲಿ ಓಡುವುದು ಆ ವಾರದ ರೋಸ್ಟರ್. ಹಾಗಾಗಿ ಮುಂದಿನ ರೋಸ್ಟರ್ ಹಾಕುವ ಮುಂಚೆ, ಹಿಂದಿನ ದಿನವೇ ಪತ್ರ ಅವರ ಕೈಯಲ್ಲಿರಲಿ. ಆಗಸ್ಟ್ ಮೊದಲ ವಾರದಲ್ಲಿ ದೊಡ್ಡ ಗ್ರೂಪ್ ಬುಕಿಂಗ್ ಇದೆಯೇ ಎಂದು ಸಿಸ್ಟಮಿನಲ್ಲಿ ನೋಡಿಕೊಂಡೇ ಮಾತಿಗೆ ಹೋಗಿ. ಇದ್ದರೆ ಅದರ ಸಿದ್ಧತೆಯನ್ನು, ಅಂದರೆ ರೂಮಿಂಗ್ ಲಿಸ್ಟ್ ತರಿಸಿಕೊಳ್ಳುವುದು, ರೂಮ್ ಬ್ಲಾಕ್ ಮಾಡುವುದು, ಯಾವ ಖರ್ಚು ಸಂಸ್ಥೆಗೆ ಯಾವುದು ಅತಿಥಿಗೆ ಎಂದು ಬರೆದಿಡುವುದು, ಇವನ್ನು ಜುಲೈನಲ್ಲೇ ಮುಗಿಸಿಕೊಡುತ್ತೇನೆ ಎಂದು ಹೇಳಿ. ಪತ್ರದಲ್ಲಿ ಹತ್ತು ಸಾಲು ಕೃತಜ್ಞತೆ ಬರೆಯುವುದಕ್ಕಿಂತ ಈ ಒಂದು ಮಾತಿಗೆ ತೂಕ ಜಾಸ್ತಿ.

ಪತ್ರ ಹೆಚ್ಚುಕಡಿಮೆ ಹೀಗಿರಲಿ. ಕಚೇರಿಯ ರೂಢಿಯಂತೆ ಇಂಗ್ಲಿಷಿನಲ್ಲಿ ಬರೆಯುವುದಾದರೂ ಇದೇ ಕ್ರಮ ಇಟ್ಟುಕೊಳ್ಳಿ.

> ದಿನಾಂಕ: ಜುಲೈ 10
>
> ಗೆ: ಫ್ರಂಟ್ ಆಫೀಸ್ ಮ್ಯಾನೇಜರ್
> ಪ್ರತಿ: ಎಚ್‌ಆರ್ ವಿಭಾಗ
>
> ವಿಷಯ: ಫ್ರಂಟ್ ಆಫೀಸ್ ಎಕ್ಸಿಕ್ಯೂಟಿವ್ ಹುದ್ದೆಗೆ ರಾಜೀನಾಮೆ
>
> ಮಾನ್ಯರೇ,
>
> ಫ್ರಂಟ್ ಆಫೀಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಯ ಪೂರ್ಣಾವಧಿ ಕೋರ್ಸಿಗೆ ನನಗೆ ಪ್ರವೇಶ ದೊರೆತಿದ್ದು, ತರಗತಿಗಳು ಆಗಸ್ಟ್ 4ರಂದು ಆರಂಭವಾಗುತ್ತವೆ.
>
> ನೇಮಕಾತಿ ಪತ್ರದಂತೆ 30 ದಿನಗಳ ನೋಟಿಸ್ ಆಗಸ್ಟ್ 9ಕ್ಕೆ ಮುಗಿಯುತ್ತದೆ. ಆಗಸ್ಟ್ 1ರ ಬೆಳಗಿನ ಶಿಫ್ಟ್ ಮುಗಿದ ನಂತರ ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಿ, ಕೊರತೆಯಾಗುವ 8 ದಿನಗಳನ್ನು ನನ್ನ ಖಾತೆಯಲ್ಲಿರುವ 11 ದಿನಗಳ ಗಳಿಕೆ ರಜೆಯೊಂದಿಗೆ ಹೊಂದಿಸಬೇಕೆಂದು ಕೋರುತ್ತೇನೆ.
>
> ಜುಲೈ 25ರ ಒಳಗೆ ನನ್ನ ಬಳಿ ಬಾಕಿಯಿರುವ ಕೆಲಸಗಳ ಹ್ಯಾಂಡೋವರ್ ಪಟ್ಟಿ ಕೊಡುತ್ತೇನೆ. ನೀವು ಸೂಚಿಸುವ ಸಹೋದ್ಯೋಗಿಗೆ ಆ ಕೆಲಸಗಳನ್ನು ನನ್ನ ಶಿಫ್ಟ್‌ಗಳಲ್ಲೇ ತೋರಿಸಿಕೊಡುತ್ತೇನೆ.
>
> ಈ ಪತ್ರ ಸ್ವೀಕರಿಸಿದ್ದನ್ನೂ ಬಿಡುಗಡೆಯ ದಿನಾಂಕವನ್ನೂ ಬರಹದಲ್ಲಿ ತಿಳಿಸಬೇಕಾಗಿ ವಿನಂತಿ. ರಿಲೀವಿಂಗ್ ಲೆಟರ್ ಹಾಗೂ ನಾನು ಕೆಲಸ ಮಾಡಿದ ವಿಭಾಗಗಳನ್ನು ನಮೂದಿಸಿದ ಅನುಭವ ಪತ್ರವನ್ನು ನೀಡಬೇಕೆಂದೂ ಕೋರುತ್ತೇನೆ.
>
> ಇಲ್ಲಿ ಕಲಿತ ಕೆಲಸಕ್ಕಾಗಿ ತಮಗೂ ತಂಡಕ್ಕೂ ಧನ್ಯವಾದಗಳು.
>
> ಹೆಸರು, ಉದ್ಯೋಗಿ ಸಂಖ್ಯೆ, ಸಹಿ

‘ರಾಜೀನಾಮೆ ಕೊಡಬೇಕೆಂದು ಯೋಚಿಸಿದ್ದೇನೆ’, ‘ದಯವಿಟ್ಟು ನನ್ನ ಕೋರಿಕೆಯನ್ನು ಪರಿಗಣಿಸಿ’ ಎಂಬಂಥ ಮಾತುಗಳು ಮೊದಲ ವಾಕ್ಯದಲ್ಲಿ ಬೇಡ. ಹಾಗೆ ಬರೆದರೆ ನೀವು ಅನುಮತಿ ಕೇಳಿದ್ದೀರಿ, ನೋಟಿಸ್ ಇನ್ನೂ ಶುರುವಾಗಿಲ್ಲ ಎಂದು ಯಾರಾದರೂ ವಾದಿಸಬಹುದು. ರಾಜೀನಾಮೆಯನ್ನು ಖಚಿತವಾಗಿ ತಿಳಿಸಿ. ಕೋರಿಕೆಯ ಧಾಟಿ ಬೇಕಿರುವುದು ಬೇಗ ಬಿಡುಗಡೆ ಕೇಳುವ ಎರಡನೆಯ ಭಾಗಕ್ಕೆ ಮಾತ್ರ.

‘ಬೆಳಗಿನ ಶಿಫ್ಟ್’ ಎಂದು ಬರೆಯಲು ಕಾರಣವಿದೆ. ರಾತ್ರಿ 11ಕ್ಕೆ ಶುರುವಾಗುವ ಶಿಫ್ಟ್ ಮುಗಿಯುವುದು ಮರುದಿನ ಬೆಳಿಗ್ಗೆ 7ಕ್ಕೆ. ಹೋಟೆಲಿನ ಸಿಸ್ಟಮಿನಲ್ಲಿ ದಿನ ಬದಲಾಗುವುದು ಗಡಿಯಾರ ಹನ್ನೆರಡು ಹೊಡೆದಾಗಲ್ಲ, ನೈಟ್ ಆಡಿಟ್, ಅಂದರೆ ರಾತ್ರಿ ಆ ದಿನದ ಲೆಕ್ಕ ಮುಚ್ಚುವ ಕೆಲಸ ಮುಗಿದಾಗ. ಕೊನೆಯ ದಿನ ನೈಟ್ ಶಿಫ್ಟ್ ಬಿದ್ದರೆ ನೀವು ಆಗಸ್ಟ್ 1ಕ್ಕೆ ಬಿಟ್ಟಿರೋ 2ಕ್ಕೋ ಎಂಬ ಗೊಂದಲ ಹಾಜರಾತಿಯಲ್ಲಿ ಉಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಕ್ಲಿಯರೆನ್ಸ್‌ನದು. ಆ ಫಾರಂಗೆ ಅಕೌಂಟ್ಸ್, ಎಚ್‌ಆರ್, ಐಟಿ, ಯೂನಿಫಾರಂ ರೂಮ್ ಎಲ್ಲರ ಸಹಿ ಬೇಕು, ಅವರು ಸಿಗುವುದು ಹಗಲಿನಲ್ಲಿ. ಬೆಳಗಿನ ಶಿಫ್ಟ್ ಮುಗಿಸಿ ಮಧ್ಯಾಹ್ನ 3ಕ್ಕೆ ಫಾರಂ ಹಿಡಿದು ಹೊರಟರೆ ಸಂಜೆಯೊಳಗೆ ಮುಗಿಯುತ್ತದೆ. ನೈಟ್ ಮುಗಿಸಿ ನಿದ್ದೆಗಣ್ಣಲ್ಲಿ ಅವರು ಬರುವವರೆಗೆ ಕಾಯುವ ಪಾಡು ಬೇಡ.

ರಜೆ ಹೊಂದಿಸಲು ಆಗದಿದ್ದರೆ ಹಣ ಕಡಿತಕ್ಕೂ ಒಪ್ಪಿಗೆ ಇದೆ ಎಂಬ ವಾಕ್ಯವನ್ನು ಈ ಪತ್ರದಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಎರಡು ಆಯ್ಕೆಗಳನ್ನು ಒಟ್ಟಿಗೆ ಮುಂದಿಟ್ಟರೆ ಅವರು ತಮಗೆ ಅನುಕೂಲವಾದುದನ್ನೇ ಆರಿಸುತ್ತಾರೆ, ಸಹಜ. ಮೊದಲು ರಜೆಯನ್ನೇ ಕೇಳಿ. ಆಗುವುದಿಲ್ಲ ಎಂದರೆ ಆಗ ಎರಡನೆಯ ಮಾತು ಎತ್ತಿ. ಆದರೆ ಒಪ್ಪುವ ಮುಂಚೆ ಕೊರತೆಯ ದಿನಕ್ಕೆ ಕಡಿತ ಮಾಡುವುದು ಮೂಲ ವೇತನದ ಲೆಕ್ಕದಲ್ಲೋ ಒಟ್ಟು ಸಂಬಳದ ಲೆಕ್ಕದಲ್ಲೋ ಎಂದು ನೇಮಕಾತಿ ಪತ್ರದಲ್ಲಿ ನೋಡಿ. ಮೂಲ ವೇತನ ಒಟ್ಟು ಸಂಬಳದ ಅರ್ಧದಷ್ಟಿದ್ದರೆ ಕಡಿತವೂ ಅರ್ಧಕ್ಕೆ ಇಳಿಯುತ್ತದೆ. ಬಳಸದೆ ಉಳಿದ 11 ದಿನದ ಗಳಿಕೆ ರಜೆಗೆ ಹಣ ಸಿಗುತ್ತದೆಯೇ ಎಂದೂ ಕೇಳಿ. ಸಿಗುವುದಾದರೆ, ಎರಡನ್ನೂ ಒಂದೇ ದರದಲ್ಲಿ ಲೆಕ್ಕ ಹಾಕುವ ಕಡೆ 8 ದಿನ ಕಡಿತ, 11 ದಿನ ಜಮೆ, ಕೊನೆಗೆ 3 ದಿನದ ಹಣ ನಿಮ್ಮ ಕೈಗೇ ಬರುತ್ತದೆ. ರಜೆ ಹೊಂದಿಸಿದರೂ ಉಳಿಯುತ್ತಿದ್ದುದು ಅದೇ 3 ದಿನ. ಕಡಿತಕ್ಕೆ ಒಟ್ಟು ಸಂಬಳ, ಜಮೆಗೆ ಮೂಲ ವೇತನ ಎಂಬ ನಿಯಮವಿದ್ದರೆ ಮಾತ್ರ ನಿಮಗೆ ನಷ್ಟ. ಹಾಗಿದ್ದಲ್ಲಿ ರಜೆ ಹೊಂದಿಸಲು ಇನ್ನೊಮ್ಮೆ ಗಟ್ಟಿಯಾಗಿ ಕೇಳುವುದು ಸರಿ.

ಮೂರನೆಯ ದಾರಿ ಕಾಲೇಜಿಗೆ ಬರೆದು ಒಂದು ವಾರ ತಡವಾಗಿ ಸೇರುವ ಅನುಮತಿ ಪಡೆಯುವುದು. ಇದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ವಾರದಲ್ಲೇ ಪ್ರಾಕ್ಟಿಕಲ್ ಬ್ಯಾಚ್ ವಿಂಗಡಣೆ, ಯೂನಿಫಾರಂ ಅಳತೆ ಎಲ್ಲ ನಡೆದುಹೋಗುತ್ತವೆ, ಹಾಜರಾತಿಯ ಲೆಕ್ಕವೂ ಅಂದೇ ಶುರುವಾಗಿರುತ್ತದೆ. ನಾಲ್ಕನೆಯದು, ಹೇಳದೆ ಕೇಳದೆ ಆಗಸ್ಟ್ 2ರಿಂದ ಬರುವುದನ್ನೇ ನಿಲ್ಲಿಸುವುದು. ಹೇಗೂ ಓದಲು ಹೋಗುತ್ತೇವಲ್ಲ, ಇನ್ನು ಇವರ ಹಂಗೇನು ಎನ್ನುವವರಿದ್ದಾರೆ. ಹಾಗೆ ಹೋದವರ ಫೈಲಿನಲ್ಲಿ ‘ಕೆಲಸ ತೊರೆದವರು’ ಎಂದು ದಾಖಲಾಗುತ್ತದೆ. ಅಂತಿಮ ಲೆಕ್ಕ, ಅನುಭವ ಪತ್ರ ಎರಡೂ ನಿಂತುಹೋಗುತ್ತವೆ. ಮರಳಿ ತೆಗೆದುಕೊಳ್ಳಬಹುದಾದವರ ಪಟ್ಟಿಯಿಂದ ಹೆಸರು ಹೋಗುವುದರಿಂದ ತರಬೇತಿಗೆ ಅರ್ಜಿ ಹಾಕಿದಾಗ ಆ ಫೈಲ್ ಮತ್ತೆ ತೆರೆಯುತ್ತದೆ. ಓದಲು ಹೋಗುತ್ತಿರುವುದೂ ಇದೇ ಉದ್ಯಮಕ್ಕೆ ಎಂಬುದನ್ನು ಮರೆಯಬೇಡಿ.

ಪತ್ರ ಒಪ್ಪದಿದ್ದರೆ ಎಂಬ ನಿಮ್ಮ ಭಯಕ್ಕೆ ಬರೋಣ. ನೋಟಿಸ್ ಪೂರ್ತಿ ಮುಗಿಸಿ ಹೋಗುವವರನ್ನು ಹಿಡಿದಿಡಲು ಒಬ್ಬ ಮ್ಯಾನೇಜರಿನ ಮೌನ ಸಾಲದು. ಅವರ ಒಪ್ಪಿಗೆ ನಿಜಕ್ಕೂ ಬೇಕಾಗಿರುವುದು ಬೇಗ ಬಿಡುಗಡೆಗೆ, ಅಂದರೆ ಆ 8 ದಿನಕ್ಕೆ. ಈ ಎರಡನ್ನೂ ಬೆರೆಸಬೇಡಿ. ಇದಕ್ಕೆ ಅಪವಾದ ಬಾಂಡ್. ಹೋಟೆಲ್ ತನ್ನ ಖರ್ಚಿನಲ್ಲಿ ನಿಮಗೆ ತರಬೇತಿ ಕೊಡಿಸಿ, ಇಷ್ಟು ತಿಂಗಳು ಇರುತ್ತೇನೆ ಎಂದು ನೀವು ಸಹಿ ಹಾಕಿದ್ದರೆ ಅದರ ಲೆಕ್ಕ ಬೇರೆಯೇ ಇರುತ್ತದೆ. ಆ ಕಾಗದವನ್ನೂ ಹುಡುಕಿ ಓದಿ.

ಪತ್ರ ಕೊಟ್ಟ ದಿನಕ್ಕೆ ಪುರಾವೆ ಇರಲಿ. ಸಾಮಾನ್ಯವಾಗಿ ಎಡವುವುದು ಇಲ್ಲೇ: ಮ್ಯಾನೇಜರ್ ಕೌಂಟರಿನ ಹಿಂದೆ ನಿಂತು ಪತ್ರ ಓದಿ, ‘ಆಯ್ತು, ನೋಡೋಣ’ ಎಂದು ಡ್ರಾಯರಿನಲ್ಲಿ ಇಡುತ್ತಾರೆ. ಎಚ್‌ಆರ್‌ಗೆ ಅದು ತಲುಪುವುದು ವಾರದ ನಂತರ, ನೋಟಿಸ್ ಎಣಿಕೆ ಅಂದಿನಿಂದ ಶುರುವಾಗುತ್ತದೆ, ನಿಮ್ಮ 8 ದಿನದ ಕೊರತೆ 15 ದಿನ ಆಗುತ್ತದೆ. ಇದ್ದ 11 ದಿನ ರಜೆ ಸಾಲದೇ ಹೋಗುತ್ತದೆ. ಆದ್ದರಿಂದ ಮೊದಲು ಮ್ಯಾನೇಜರ್ ಬಳಿ ಕುಳಿತು ಬಾಯಿಮಾತಿನಲ್ಲಿ ತಿಳಿಸಿ, ಅವರಿಗೆ ಗೊತ್ತಾಗುವ ಮುಂಚೆ ಲಾಬಿಯಲ್ಲಿ ಸುದ್ದಿ ಹರಡುವುದು ಬೇಡ. ಅದೇ ದಿನ ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರಿಗೂ ಒಂದೇ ಇಮೇಲಿನಲ್ಲಿ ಪತ್ರ ಕಳಿಸಿ, ಕಾಲೇಜಿನ ಪ್ರವೇಶ ಪತ್ರ ಲಗತ್ತಿಸಿ. ಆ ಇಮೇಲಿನ ಪ್ರತಿ ನಿಮ್ಮ ಸ್ವಂತ ವಿಳಾಸಕ್ಕೂ ಹೋಗಲಿ. ಹೋಟೆಲಿನ ಇಮೇಲ್ ಖಾತೆ ನೀವು ಹೋದ ದಿನವೇ ಮುಚ್ಚುತ್ತದೆ. ಕಾಗದದಲ್ಲೇ ಕೊಡುವ ರೂಢಿಯಿದ್ದರೆ ಇನ್ನೊಂದು ಪ್ರತಿಯ ಮೇಲೆ ದಿನಾಂಕದೊಂದಿಗೆ ಸಹಿ ಪಡೆಯಿರಿ. ಮೂರು ದಿನದೊಳಗೆ ಉತ್ತರ ಬರದಿದ್ದರೆ ಅದೇ ಇಮೇಲಿಗೆ ಎರಡು ಸಾಲಿನ ನೆನಪೋಲೆ ಸಾಕು.

ಬರಹದಲ್ಲಿ ಬಂದ ಉತ್ತರದಲ್ಲಿ ‘ಬಿಡುಗಡೆಯ ದಿನಾಂಕ ಆಗಸ್ಟ್ 1’ ಎಂದಿದೆಯೇ ನೋಡಿ. ಬರೀ ‘ರಾಜೀನಾಮೆ ಸ್ವೀಕರಿಸಲಾಗಿದೆ’ ಎಂದಿದ್ದರೆ ರಾಜೀನಾಮೆ ಒಪ್ಪಿದ್ದಾರೆ, ದಿನಾಂಕ ಒಪ್ಪಿಲ್ಲ. ರಿಲೀವಿಂಗ್ ಲೆಟರ್ ಸಾಮಾನ್ಯವಾಗಿ ಅಂತಿಮ ಲೆಕ್ಕದ ಜೊತೆಗೆ, ಅಂದರೆ ನೀವು ಬಿಟ್ಟ ಮೇಲೆ ಬರುತ್ತದೆ. ಅಲ್ಲಿಯವರೆಗೆ ಕಾಲೇಜಿಗೆ ತೋರಿಸಲು ದಿನಾಂಕವಿರುವ ಈ ಸ್ವೀಕಾರ ಪತ್ರವೇ ಆಧಾರ. ಅನುಭವ ಪತ್ರದಲ್ಲಿ ಹುದ್ದೆಯ ಹೆಸರಷ್ಟೇ ಸಾಲದು. ಚೆಕ್ ಇನ್, ಕ್ಯಾಷಿಯರಿಂಗ್, ರಿಸರ್ವೇಶನ್, ನೈಟ್ ಆಡಿಟ್, ಇವುಗಳಲ್ಲಿ ನೀವು ನಿಜವಾಗಿ ಮಾಡಿದ್ದನ್ನು ಬರೆಸಿಕೊಳ್ಳಿ. ಕೋರ್ಸಿನಲ್ಲಿ ಅಡುಗೆಮನೆ, ಊಟೋಪಚಾರ, ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್ ನಾಲ್ಕೂ ಬರುತ್ತವೆ. ಒಂದರಲ್ಲಿ ಈಗಾಗಲೇ ಕೈ ಪಳಗಿದೆ ಎಂಬುದು ಆ ಕಾಗದದಿಂದಲೇ ತಿಳಿಯಬೇಕು.

ಹ್ಯಾಂಡೋವರ್ ಪಟ್ಟಿಗೆ ದೊಡ್ಡ ವರದಿ ಬೇಡ, ಒಂದು ಪುಟ ಸಾಕು. ಆದರೆ ‘ಎಲ್ಲ ವಿಷಯ ತಿಳಿಸಲಾಗಿದೆ’ ಎಂಬಂಥ ಸಾಲು ಅದರಲ್ಲಿ ಬರಬಾರದು. ಅತಿಥಿ ತಕರಾರು ತೆಗೆದ ಬಿಲ್ ಯಾವುದು, ಯಾವ ಕಂಪನಿಯಿಂದ ಇನ್ನೂ ಒಪ್ಪಿಗೆ ಪತ್ರ ಬಂದಿಲ್ಲ, ಮುಂಗಡ ಕಟ್ಟಿ ರದ್ದು ಮಾಡಿದವರಲ್ಲಿ ಯಾರಿಗೆ ಹಣ ಮರಳಿಸಬೇಕು, ಅತಿಥಿ ಮರೆತುಹೋದ ವಸ್ತುವನ್ನು ಯಾರಿಗೆ ಕಳಿಸುತ್ತೇವೆಂದು ಮಾತು ಕೊಟ್ಟಿದ್ದೀರಿ, ಹೀಗೆ ಬುಕಿಂಗ್ ಸಂಖ್ಯೆಯ ಸಮೇತ ಬರೆಯಿರಿ. ನಿಮ್ಮ ಬಾಯಲ್ಲಿ ಮಾತ್ರ ಇರುವ ಭರವಸೆಗಳೇ ನೀವು ಹೋದ ಮೇಲೆ ದೂರುಗಳಾಗುತ್ತವೆ.

ಕೊನೆಯ ಶಿಫ್ಟಿನಲ್ಲಿ ಕ್ಯಾಷ್ ಫ್ಲೋಟನ್ನು, ಅಂದರೆ ಚಿಲ್ಲರೆಗೆಂದು ಕೌಂಟರಿನಲ್ಲಿ ಇಟ್ಟಿರುವ ಹಣವನ್ನು, ಇನ್ನೊಬ್ಬರ ಎದುರೇ ಎಣಿಸಿ, ಯಾವ ಮುಖಬೆಲೆಯ ನೋಟು ಎಷ್ಟು ಎಂದು ಬರೆದು ಇಬ್ಬರೂ ಸಹಿ ಹಾಕಿ, ಅದರ ಫೋಟೊ ಇಟ್ಟುಕೊಳ್ಳಿ. ಅತಿಥಿಗಳ ನೋಂದಣಿ ಕಾರ್ಡು, ಫೋನ್ ಸಂಖ್ಯೆ, ಕಂಪನಿ ದರಗಳ ಪಟ್ಟಿ, ಇವುಗಳಲ್ಲಿ ಒಂದನ್ನೂ ಕಾಲೇಜಿನ ಪ್ರಾಜೆಕ್ಟಿಗೆ ಬೇಕಾದೀತೆಂದು ಜೊತೆಗೆ ಒಯ್ಯಬೇಡಿ. ಅವು ಹೋಟೆಲಿನ ಗುಟ್ಟು, ಅತಿಥಿಯ ಸ್ವತ್ತು. ಖಾಲಿ ಫಾರಂ ಬೇಕಿದ್ದರೆ ಕೇಳಿ ಪಡೆಯಿರಿ.

ಇನ್ನೊಂದು ಕೆಲಸ ಉಳಿಯುತ್ತದೆ, ಬಹಳ ಮಂದಿ ಮರೆಯುವಂಥದ್ದು. ನಿಮ್ಮ ಲಾಗಿನ್ ಅನ್ನು ಆಗಸ್ಟ್ 1ರ ಸಂಜೆಯೇ ಮುಚ್ಚಬೇಕೆಂದು ಐಟಿಯವರಿಗೆ ಇಮೇಲ್ ಮಾಡಿ. ಹೊಸಬರು ಬರುವವರೆಗೆ ನಿಮ್ಮ ಪಾಸ್‌ವರ್ಡ್ ಇರಲಿ ಎಂದು ಸಹೋದ್ಯೋಗಿಗಳು ಕೇಳಿದರೂ ಕೊಡಬೇಡಿ. ಸಿಸ್ಟಮಿನಲ್ಲಿ ಬಿಲ್ ರದ್ದು, ರಿಯಾಯಿತಿ, ಹಣ ಮರುಪಾವತಿ ಎಲ್ಲದರ ಎದುರೂ ಬಳಕೆದಾರರ ಹೆಸರು ಬೀಳುತ್ತದೆ. ನೀವು ತರಗತಿಯಲ್ಲಿ ಕುಳಿತಿರುವಾಗ ಕೌಂಟರಿನಲ್ಲಿ ನಿಮ್ಮ ಹೆಸರಿನಲ್ಲೇ ರೂಮ್ ಬಿಲ್ ರದ್ದಾದರೆ, ಅಂತಿಮ ಲೆಕ್ಕ ತಡೆಹಿಡಿದು ಅವರು ಫೋನ್ ಮಾಡುವುದು ನಿಮಗೇ.